ಮಾತುಕತೆ ತುಂಬಿದ ದೃಶ್ಯವನ್ನು ನಿರೂಪಣೆಗೆ ಇಳಿಸುವುದು ಹೇಗೆ: ಗಂಗಾವತಿಯ ಒಂದು ದಲಾಲಿ ಅಂಗಡಿಯ ಉದಾಹರಣೆಯೊಂದಿಗೆ

ಕತೆ ಬರೆಯುವಾಗ ಮಾತುಕತೆ ಸಲೀಸಾಗಿ ಬಂದುಬಿಡುತ್ತದೆ. ನಮ್ಮ ಕೊಪ್ಪಳ, ರಾಯಚೂರು ಕಡೆಯವರಿಗಂತೂ ಇನ್ನೂ ಸಲೀಸು. ಕಿವಿಯಲ್ಲಿರುವ ಮಾತನ್ನು ಹಾಗೇ ಹಾಳೆಗೆ ಇಳಿಸಿದರೆ ಮೂರು ಪುಟ ತುಂಬುತ್ತದೆ. ಆಮೇಲೆ ಗೊತ್ತಾಗುತ್ತದೆ, ಕತೆಗೆ ಬೇಕಾದದ್ದು ಆ ಮೂರು ಪುಟದ ಫಲ ಮಾತ್ರ, ಅಷ್ಟುದ್ದದ ಮಾತಲ್ಲ ಅಂತ. ಆಗ ಅದನ್ನು ನಿರೂಪಣೆಗೆ ತಿರುಗಿಸಬೇಕು. ತಿರುಗಿಸಿದಾಗ ಹೆಚ್ಚಿನವರ ಬರವಣಿಗೆಯಲ್ಲಿ ಒಂದೇ ತೊಂದರೆ ಕಾಣುತ್ತದೆ: ಮಾತಿನ ವಿಷಯ ಉಳಿಯುತ್ತದೆ, ಮಾತಾಡಿದವರ ಧೋರಣೆ ಹಾರಿಹೋಗುತ್ತದೆ. ಯಾರು ಜಾರಿಕೊಂಡರು, ಯಾರು ಹಂಗಿಸಿದರು, ಯಾರು ಸೋತರು ಅನ್ನುವುದು ಕಾಣುವುದೇ ಇಲ್ಲ.

ಒಂದು ದೃಶ್ಯವನ್ನು ಇಟ್ಟುಕೊಂಡು ಇದನ್ನು ಹಂತಹಂತವಾಗಿ ಮಾಡೋಣ. ದೃಶ್ಯ ಈ ಲೇಖನಕ್ಕಾಗಿಯೇ ಕಟ್ಟಿದ್ದು. ಗಂಗಾವತಿಯ ಒಂದು ದಲಾಲಿ ಅಂಗಡಿ. ಈರಪ್ಪ ಮತ್ತು ಅವನ ಹೆಂಡತಿ ಹನುಮವ್ವ ಟ್ರಾಕ್ಟರಿನಲ್ಲಿ ಭತ್ತ ತಂದಿದ್ದಾರೆ. ಹಮಾಲರು ಚೀಲ ಇಳಿಸಲು ನಿಂತಿದ್ದಾರೆ. ಸಾಹುಕಾರರು ಒಂದು ಹಿಡಿ ಕಾಳು ತೆಗೆದು ತೇವ ನೋಡುವ ಮಷಿನ್‌ಗೆ ಹಾಕಿದ್ದಾರೆ.

"19 ಬಂತಪ್ಪ ಈರಪ್ಪ. ಹಸಿ ಐತಿ ಮಾಲು."

"ಹಸಿ ಹೆಂಗಾಕ್ಕೈತ್ರಿ ಸಾಹುಕಾರ್ರ? ಮೂರು ದಿನ ಒಣಗ್ಸೀವಿ ಕಣದಾಗ."

"ನಾ ಹೇಳಾಕತ್ತಿಲ್ಲಪ್ಪ, ಮಷಿನ್ ಹೇಳಾಕತ್ತೈತಿ."

"ಇನ್ನೊಂದು ಚೀಲದ್ದು ಹಾಕಿ ನೋಡ್ರಿ ಮತ್ತ."

"ನೋಡಾಣ ಬಿಡು, ಅದಕ್ಕೇನೈತಿ. ಮೊದಲು ಚಾ ಕುಡಿ. ಏ ತಮ್ಮಾ, ಎರಡು ಚಾ ಹೇಳು."

"ಚಾ ಬ್ಯಾಡ್ರಿ. ರೇಟು ಏನ ಹಾಕ್ತೀರಿ ಹೇಳ್ರಿ."

"ಚೀಲಕ್ಕ ನೂರು ಮುರೀತೀನಿ. ನಿನ್ನ ಮಾರಿ ನೋಡಿ ನೂರು. ಬ್ಯಾರೇದೋರಿಗಾದ್ರ ನೂರೈವತ್ತು ಮುರೀತಿದ್ದೆ."

"ನೂರು ಹೋದ್ರ ನಮಗೇನು ಉಳೀತೈತ್ರಿ? ಗೊಬ್ಬರದ್ದ ಬಾಕಿ ಬ್ಯಾರೆ ಐತಿ."

"ಗೊಬ್ಬರ ಅಂದ್ರ ನೆನಪಾತು. ಜೂನದಾಗ ಒಯ್ದಿದ್ದು ಇನ್ನಾ ಹಂಗ ಐತಿ ನೋಡು. ನಾನೇನು ಕೇಳಿಲ್ಲ ನಿನಗ."

"ಅದು ಖರೇ ಐತ್ರಿ..."

"ಮತ್ತ?"

"ನೀವು ಹೇಳಿದಂಗ ಆಗ್ಲಿ ಬಿಡ್ರಿ."

"ಚೀಲ ಇಳಸಬ್ಯಾಡ್ರಿ. ರಸ್ತಾದ ಮ್ಯಾಲೆ ಇನ್ನೆರಡು ದಿನ ಹರವ್ತೀವಿ," ಅಂದಳು ಹನುಮವ್ವ.

"ಮಳಿ ಬಂದ್ರ ಏನ್ ಮಾಡ್ತೀಯವ್ವಾ?"

"ಬಂದ್ರ ನಮ್ಮ ನೆಲ್ಲು ತೊಯ್ತೈತ್ರಿ. ನಿಮ್ಮದಲ್ಲ."

ಇದನ್ನು ಸುಮ್ನೆ ವರದಿಗೆ ಇಳಿಸಿದರೆ ಏನಾಗುತ್ತದೆ ನೋಡಿ: "ಭತ್ತದಲ್ಲಿ ತೇವ ಜಾಸ್ತಿ ಇದೆ ಎಂದು ಸಾಹುಕಾರ ಹೇಳಿದ. ಮೂರು ದಿನ ಒಣಗಿಸಿದ್ದೇವೆ ಎಂದು ಈರಪ್ಪ ಹೇಳಿದ. ಚೀಲಕ್ಕೆ ನೂರು ರೂಪಾಯಿ ಕಡಿಮೆ ಕೊಡುವುದಾಗಿ ಸಾಹುಕಾರ ತಿಳಿಸಿದ. ಈರಪ್ಪ ಒಪ್ಪಿದ. ಆದರೆ ಹನುಮವ್ವ ಒಪ್ಪಲಿಲ್ಲ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂವರೂ ಒಂದೇ ದನಿಯಲ್ಲಿ ಮಾತಾಡಿದ ಹಾಗಿದೆ.

ಇದನ್ನು ಸರಿಮಾಡಲು ಹೋಗುವವರು ಸಾಮಾನ್ಯವಾಗಿ "ಕುಟಿಲವಾಗಿ ಹೇಳಿದ", "ದೀನನಾಗಿ ಕೇಳಿದ", "ಖಡಾಖಂಡಿತವಾಗಿ ನುಡಿದಳು" ಅಂತ ಪದ ಅಂಟಿಸುತ್ತಾರೆ. ಇದು ಇನ್ನೂ ಕೆಡುತ್ತದೆ. ಧೋರಣೆಯನ್ನು ತೋರಿಸುವ ಬದಲು ಅದಕ್ಕೆ ಹೆಸರಿಟ್ಟ ಹಾಗಾಗುತ್ತದೆ. ಓದುವವರು ನಮ್ಮ ಮಾತನ್ನು ನಂಬಬೇಕೇ ಹೊರತು ತಾವೇ ಕಾಣಲು ಏನೂ ಉಳಿಯುವುದಿಲ್ಲ.

ಮೊದಲ ಹಂತ: ಪ್ರತಿ ಮಾತಿನ ಮುಂದೆ "ಏನು ಮಾಡಿದ" ಅಂತ ಬರೆಯಿರಿ

ದೃಶ್ಯವನ್ನು ಒಂದು ಹಾಳೆಯಲ್ಲಿ ಎಡಕ್ಕೆ ಬರೆದುಕೊಳ್ಳಿ. ಬಲಕ್ಕೆ, ಪ್ರತಿ ಮಾತಿನ ಎದುರು, ಆ ಮಾತಿನಿಂದ ಆಡಿದವರು ಎದುರಿನವರಿಗೆ ಏನು ಮಾಡಿದರು ಅಂತ ಎರಡು ಮೂರು ಪದದಲ್ಲಿ ಬರೆಯಿರಿ. ಏನು ಹೇಳಿದರು ಅಂತ ಅಲ್ಲ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ.

ನಮ್ಮ ದೃಶ್ಯದಲ್ಲಿ ಸಾಹುಕಾರರ ಕಡೆಯದು ಹೀಗೆ ಬರುತ್ತದೆ. ಮಷಿನ್ ಹೇಳುತ್ತಿದೆ ಅನ್ನುವುದು ಹೊಣೆ ಜಾರಿಸಿದ್ದು. ನೋಡಾಣ ಬಿಡು ಅನ್ನುವುದು ಇಲ್ಲ ಅನ್ನದೆ ತಳ್ಳಿದ್ದು. ಚಾ ಹೇಳಿದ್ದು ಮಾತು ಮರೆಸಿದ್ದು. ನಿನ್ನ ಮಾರಿ ನೋಡಿ ನೂರು ಅನ್ನುವುದು ಕಡಿತವನ್ನೇ ಉಪಕಾರ ಮಾಡಿದ್ದು. ನಾನೇನು ಕೇಳಿಲ್ಲ ಅನ್ನುವುದು ಕೇಳಿಲ್ಲ ಅನ್ನುತ್ತಲೇ ಕೇಳಿದ್ದು.

ಈರಪ್ಪನದು ಬೇರೆ. ಮೊದಲು ವಾದಿಸುತ್ತಾನೆ. ಇನ್ನೊಂದು ಚೀಲ ನೋಡಿ ಅಂತ ಮರುಪರೀಕ್ಷೆ ಕೇಳುತ್ತಾನೆ. ಚಾ ಬೇಡ ಅನ್ನುತ್ತಾನೆ. ಇದು ಸಣ್ಣ ಮಾತು ಅಂತ ಬಿಟ್ಟುಬಿಡಬೇಡಿ. ನಮ್ಮ ಕಡೆ ಅಂಗಡಿಯಲ್ಲಿ ಚಾ ಕುಡಿದ ಮೇಲೆ ಬಿಗಿಯಾಗಿ ಮಾತಾಡುವುದು ಕಷ್ಟ. ಚಾ ಬೇಡ ಅಂದಾಗ ಅವನು ಇನ್ನೂ ಸೋತಿರಲಿಲ್ಲ. ಆಮೇಲೆ ಅವನೇ ಗೊಬ್ಬರದ ಬಾಕಿಯ ಮಾತು ಎತ್ತಿ ಸಾಹುಕಾರರ ಕೈಗೆ ಹಿಡಿ ಕೊಡುತ್ತಾನೆ.

ಹನುಮವ್ವನ ಮೊದಲ ಮಾತಿನ ಎದುರು ಏನು ಬರೆಯುತ್ತೀರಿ? "ವಿರೋಧಿಸಿದಳು" ಅಂತ ಬರೆದರೆ ಅರ್ಧ ಮಾತ್ರ ಸರಿ. ಚೀಲ ಇಳಸಬ್ಯಾಡ್ರಿ ಅನ್ನುವ ಮಾತು ಯಾರಿಗೆ ಹೇಳಿದ್ದು ಅಂತ ಕೇಳಿಕೊಳ್ಳಿ. ಅದು ಸಾಹುಕಾರರಿಗೆ ಅಲ್ಲ, ಚೀಲ ಇಳಿಸಲು ನಿಂತ ಹಮಾಲರಿಗೆ. ಅವಳು ಚೌಕಾಸಿಗೇ ಇಳಿಯಲಿಲ್ಲ. ಮಾತುಕತೆಯಲ್ಲಿ ಇದು ಎದ್ದು ಕಾಣುವುದಿಲ್ಲ. ನಿರೂಪಣೆಯಲ್ಲಿ ಒಂದೇ ವಾಕ್ಯದಲ್ಲಿ ತೋರಿಸಬಹುದು. ಧೋರಣೆ ಎಷ್ಟೋ ಸಲ ಮಾತಿನಲ್ಲಿ ಇರುವುದಿಲ್ಲ, ಆ ಮಾತು ಯಾರ ಕಡೆ ತಿರುಗಿದೆ ಅನ್ನುವುದರಲ್ಲಿ ಇರುತ್ತದೆ.

ಎರಡನೇ ಹಂತ: ಮಾತು ಎಲ್ಲಿ ತಿರುಗಿತು ಅಂತ ಗುರುತಿಸಿ

ಎಲ್ಲ ಮಾತಿಗೂ ಸಮ ಜಾಗ ಕೊಟ್ಟರೆ ಅದು ಸಭೆಯ ನಡಾವಳಿ ಆಗುತ್ತದೆ. ಹದಿನೈದು ಮಾತುಗಳಲ್ಲಿ ಬಲ ಕೈ ಬದಲಾಯಿಸಿದ ಜಾಗ ಒಂದೋ ಎರಡೋ ಇರುತ್ತದೆ. ಇಲ್ಲಿ ಮೊದಲನೆಯದು ಗೊಬ್ಬರ, ಎರಡನೆಯದು ಹನುಮವ್ವ. ಅವೆರಡಕ್ಕೆ ಜಾಗ ಕೊಡಿ. ಮಷಿನ್, ಚಾ, ರೇಟು ಇವನ್ನೆಲ್ಲ ಬೇಗ ದಾಟಿಸಿ.

ಇನ್ನೊಂದು ವಿಷಯವನ್ನು ಇಲ್ಲೇ ತೀರ್ಮಾನಿಸಬೇಕು. ಮಾತಾಡುವವರಿಗೆ ಗೊತ್ತಿದ್ದು ಓದುವವರಿಗೆ ಗೊತ್ತಿಲ್ಲದ್ದು ಎಷ್ಟು ಹೇಳಬೇಕು? 19 ಅಂದರೆ ಶೇಕಡಾವಾರು ತೇವ ಅಂತ ಭತ್ತ ಮಾರಿದವರಿಗೆ ಗೊತ್ತು. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವದ ಮಿತಿ ಶೇ. 17. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕಿಲೋ. ನಿರೂಪಣೆ ಬಂದ ಕೂಡಲೇ ಇದನ್ನೆಲ್ಲ ವಿವರಿಸುವ ಆಸೆ ಹುಟ್ಟುತ್ತದೆ. ವಿವರಿಸಿದರೆ ದೃಶ್ಯ ನಿಂತುಹೋಗುತ್ತದೆ. 17ರ ಮಿತಿ ಬೇಕೇ ಬೇಕು ಅನಿಸಿದರೆ ಅದನ್ನು ಸಾಹುಕಾರರ ಬಾಯಿಂದಲೇ ಬರಿಸಿ. "17ರ ಮೇಲೆ ಒಂದು ಬಂದರೂ ಮಿಲ್ಲಿನವರು ವಾಪಸ್ ಕಳಿಸುತ್ತಾರೆ ಅಂತ ಸಾಹುಕಾರರು ಮಿಲ್ಲಿನವರ ಹೆಸರು ತಂದರು" ಅಂದರೆ ಮಾಹಿತಿಯೂ ಬಂತು, ಜಾರಿಕೊಳ್ಳುವ ಗುಣವೂ ಬಂತು. ನಾನು ಈ ಸಲ ಅದನ್ನು ಬಿಡುತ್ತೇನೆ. ಹೊಣೆ ಹೊರಲು ಮಷಿನ್ ಒಂದೇ ಸಾಕು.

ಮೂರನೇ ಹಂತ: ಕ್ರಿಯಾಪದ ಆರಿಸಿ

ಈಗ ಬಲಗಡೆ ಬರೆದ ಪದಗಳೇ ಕ್ರಿಯಾಪದ ಕೊಡುತ್ತವೆ. ಜಾರಿಸಿದ, ತಳ್ಳಿದ, ಮಾತು ಮರೆಸಿದ, ತೋಡಿಕೊಂಡ. "ಹೇಳಿದ"ದ ಜಾಗದಲ್ಲಿ ಪ್ರತಿ ಸಲ ಹೊಸ ಪದ ಹುಡುಕಬೇಕು ಅಂತ ಇದರ ಅರ್ಥ ಅಲ್ಲ. ಗದರಿದ, ಗೊಣಗಿದ, ರೇಗಿದ, ಮೂದಲಿಸಿದ ಅಂತ ಸಾಲುಸಾಲಾಗಿ ಬಂದರೆ ನಾಟಕದ ಕಂಪನಿ ಬಂದ ಹಾಗಿರುತ್ತದೆ. ತಿರುವಿನ ಜಾಗದಲ್ಲಿ ಒಳ್ಳೆಯ ಕ್ರಿಯಾಪದ ಇರಲಿ, ಉಳಿದ ಕಡೆ "ಅಂದ", "ಕೇಳಿದ" ಸಾಕು.

ಇದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಕ್ರಿಯಾಪದದ ಹಿಂದೆ ಸೇರುವ ಬಿಡು, ಕೊಳ್ಳು, ಹಾಕು ಇಂಥವು. "ಈರಪ್ಪ ಆಗಲಿ ಅಂದ" ಅಂದರೆ ಸುಮ್ನೆ ಒಪ್ಪಿಗೆ. "ಆಗಲಿ ಅಂದುಬಿಟ್ಟ" ಅಂದರೆ ಒಪ್ಪಬಾರದಿತ್ತು, ತಡೆಯಲಾಗಲಿಲ್ಲ. "ಹೇಳಿದ" ಅಂದರೆ ಮಾಹಿತಿ, "ಹೇಳಿಕೊಂಡ" ಅಂದರೆ ಅದರಲ್ಲಿ ಅವನ ಅಳಲೋ ಬಡಾಯಿಯೋ ಇದೆ. ಎರಡೇ ಅಕ್ಷರದಲ್ಲಿ ಧೋರಣೆ ಬರುತ್ತದೆ. ಇಷ್ಟು ಅಗ್ಗದ ಸಾಧನ ಕೈಯಲ್ಲಿರುವಾಗ "ಅಸಹಾಯಕನಾಗಿ" ಅಂತ ಬರೆಯುವುದು ಯಾಕೆ?

ನಾಲ್ಕನೇ ಹಂತ: ಅಂತ, ಅಂತೆ, ತಾನು. ಇಲ್ಲಿ ನಿಧಾನಿಸಿ

ಮಾತನ್ನು ನಿರೂಪಣೆಗೆ ತರುವಾಗ ಕನ್ನಡದಲ್ಲಿ ಮೂರು ದಾರಿ ಇವೆ.

"ಚೀಲಕ್ಕೆ ನೂರು ಮುರಿಯುತ್ತೇನೆ ಅಂತ ಸಾಹುಕಾರರು ಹೇಳಿದರು" ಅಂದರೆ ನಿರೂಪಕರು ಮಾತನ್ನು ಹಾಗೇ ತಲುಪಿಸಿದ್ದಾರೆ, ತಮ್ಮದೇನೂ ಸೇರಿಸಿಲ್ಲ.

"ಚೀಲಕ್ಕೆ ನೂರು ಮುರಿಯುತ್ತಾರಂತೆ" ಅಂದರೆ ನಿರೂಪಕರು ಒಂದು ಹೆಜ್ಜೆ ಹಿಂದೆ ಸರಿದಿದ್ದಾರೆ. ಇದು ಅವರ ಮಾತು, ನನ್ನದಲ್ಲ ಅನ್ನುವ ದನಿ. ಜೊತೆಗೆ ಕೇಳಿಸಿಕೊಂಡವನ ಬೇಸರವೂ ಸ್ವಲ್ಪ ಕಾಣುತ್ತದೆ. ಸಾಹುಕಾರರ ಉಪಕಾರದ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಅಪಾಯವೂ ಇದೆ. ಸಾಹುಕಾರರ ಪ್ರತಿ ಮಾತಿಗೂ ಅಂತೆ, ಈರಪ್ಪನ ಪ್ರತಿ ಮಾತಿಗೂ ಅಂತ ಹಾಕಿದರೆ ಓದುವವರಿಗೆ ಕಾಣುವುದು ಪಾತ್ರಗಳ ಧೋರಣೆ ಅಲ್ಲ, ಬರೆದವರ ಪಕ್ಷಪಾತ. ಆಗ ಸಾಹುಕಾರರು ಬರೀ ಕೆಟ್ಟವರಾಗುತ್ತಾರೆ, ದೃಶ್ಯದ ಸೂಕ್ಷ್ಮ ಹೋಗುತ್ತದೆ. ಇಡೀ ದೃಶ್ಯಕ್ಕೆ ಒಂದು ಅಂತೆ ಸಾಕು.

ಮೂರನೇ ದಾರಿಯಲ್ಲಿ ಅಂತವೂ ಇಲ್ಲ, ಅಂತೆಯೂ ಇಲ್ಲ. "ಮೂರು ದಿನ ಕಣದಲ್ಲಿ ಒಣಗಿಸಿದ ನೆಲ್ಲು ಹಸಿ ಹೇಗಾಗುತ್ತದೆ?" ಅಂತ ಪ್ರಶ್ನೆಯನ್ನು ನೇರ ನಿರೂಪಣೆಯಲ್ಲೇ ಇಡುವುದು. ಕನ್ನಡದಲ್ಲಿ ಕಾಲ ಬದಲಾಯಿಸಬೇಕಾಗಿಲ್ಲ. ಆಗುತ್ತದೆ ಅನ್ನುವುದು ಆಗುತ್ತದೆ ಅಂತಲೇ ಇರಬಹುದು. ನಮಗೆ, ನನಗೆ ಇದ್ದ ಕಡೆ ತನಗೆ ಬಂದರೆ ಆಯಿತು. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದರಿಂದ ಬಿಸಿ ಆರುವುದಿಲ್ಲ. ಅದನ್ನೇ "ಹಸಿಯಾಗಲು ಸಾಧ್ಯವಿಲ್ಲವೆಂದು ಈರಪ್ಪ ವಾದಿಸಿದ" ಅಂತ ಹೇಳಿಕೆಯಾಗಿ ಮಾಡಿದರೆ ಬಿಸಿ ಹೋಗಿಬಿಡುತ್ತದೆ, ಅಲ್ವಾ?

ತಾನು, ತನ್ನ ಬಳಸುವಾಗ ಒಂದು ಎಚ್ಚರ ಬೇಕು. "ಸಾಹುಕಾರರು ತಾವೇನು ಕೇಳಿಲ್ಲ ಅಂದರು" ಅಂದರೆ ಕೇಳದೆ ಇದ್ದವರು ಸಾಹುಕಾರರೇ. "ಅವನೇನು ಕೇಳಿಲ್ಲ ಅಂದರು" ಅಂದರೆ ಈರಪ್ಪನ ವಿಷಯ ಆಯಿತು. ಮೂವರು ಇರುವ ದೃಶ್ಯದಲ್ಲಿ ಇದು ತಪ್ಪಿದರೆ ಬಾಕಿ ಯಾರದು, ಕೊಟ್ಟವರು ಯಾರು ಅನ್ನುವುದೇ ತಲೆಕೆಳಗಾಗುತ್ತದೆ. ಅನುಮಾನ ಬಂದ ಕಡೆ ಹೆಸರನ್ನೇ ಹಾಕಿ.

ಐದನೇ ಹಂತ: ರೀ, ಅಪ್ಪಾ, ಅವ್ವಾ ಹೋದಾಗ ಏನು ಇಡುವುದು

ಮೂಲ ದೃಶ್ಯದಲ್ಲಿ ಈರಪ್ಪನ ಪ್ರತಿ ಮಾತಿನಲ್ಲೂ ರೀ ಇದೆ. ಸಾಹುಕಾರರು ಅವನಿಗೆ ಅಪ್ಪಾ ಅನ್ನುತ್ತಾರೆ, ಆದರೆ ಏಕವಚನ. ಯಾರು ಮೇಲೆ, ಯಾರು ಕೆಳಗೆ ಅನ್ನುವುದನ್ನೆಲ್ಲ ಈ ಸಣ್ಣ ಪದಗಳೇ ಹೊತ್ತಿವೆ. ನಿರೂಪಣೆಯಲ್ಲಿ ಇವೆಲ್ಲ ಉದುರುತ್ತವೆ.

ಇದಕ್ಕೆ ಒಳ್ಳೆಯ ಉಪಾಯ ನಿರೂಪಣೆಯ ಗೌರವವಾಚಕ. ಸಾಹುಕಾರ ಹೇಳಿದನೋ, ಸಾಹುಕಾರರು ಹೇಳಿದರೋ? ಇದನ್ನು ಮೊದಲೇ ತೀರ್ಮಾನಿಸಿ, ಕೊನೆಯವರೆಗೂ ಬದಲಾಯಿಸಬೇಡಿ. ನಾನು "ಸಾಹುಕಾರರು ಅಂದರು, ಈರಪ್ಪ ಅಂದ" ಅಂತ ಇಡುತ್ತೇನೆ. ಆಗ ಕತೆ ಈರಪ್ಪನ ಕಡೆಯಿಂದ ನೋಡಿದ ಹಾಗೆ ಬರುತ್ತದೆ, ಅವನ ಎಲ್ಲ ರೀಗಳೂ ಆ ಬಹುವಚನದಲ್ಲಿ ಸೇರಿಕೊಳ್ಳುತ್ತವೆ. ಅರ್ಧ ದಾರಿಯಲ್ಲಿ ಸಾಹುಕಾರ ಅಂದ ಅಂತ ಏಕವಚನಕ್ಕೆ ಇಳಿದರೆ ಓದುವವರು ಅದನ್ನು ಬರೆದವರ ಸಿಟ್ಟು ಅಂತಲೇ ತಿಳಿಯುತ್ತಾರೆ.

ಸಂಬೋಧನೆಗಳಲ್ಲಿ ಒಂದನ್ನು ಹಾಗೇ ಇಟ್ಟುಕೊಳ್ಳಿ. ನಾನು ಹನುಮವ್ವನಿಗೆ ಹೇಳಿದ ಅವ್ವಾ ಇಡುತ್ತೇನೆ. ಅಲ್ಲಿಯವರೆಗೂ ಅವಳನ್ನು ಸಾಹುಕಾರರು ಮಾತಾಡಿಸಿಯೇ ಇರಲಿಲ್ಲ, ಅದಕ್ಕೆ.

ಆರನೇ ಹಂತ: ಆಡುಮಾತಿನಿಂದ ಏನು ಉಳಿಸಬೇಕು

ಐತಿ, ಹೇಳಾಕತ್ತೈತಿ ಎಲ್ಲವನ್ನೂ ಉಳಿಸಿದರೆ ಉದ್ಧರಣ ಚಿಹ್ನೆ ತೆಗೆದ ಮಾತುಕತೆ ಆಗುತ್ತದೆ ಅಷ್ಟೇ. ಎಲ್ಲವನ್ನೂ ಗ್ರಂಥದ ಕನ್ನಡಕ್ಕೆ ತಂದರೆ ಗಂಗಾವತಿಯ ಅಂಗಡಿ ಯಾವ ಊರಿನ ಅಂಗಡಿಯೂ ಆಗಬಹುದು. ಒಬ್ಬೊಬ್ಬರಿಂದ ಒಂದು ಪದ ಹೆಕ್ಕಿಕೊಳ್ಳಿ. ಬೇರೆಯವರ ಬಾಯಲ್ಲಿ ಬಾರದ, ಅವರ ಗುಣವನ್ನೇ ಹೊತ್ತ ಪದ ಇರಬೇಕು. ಸಾಹುಕಾರರಿಂದ "ಮಾರಿ ನೋಡಿ", ಈರಪ್ಪನಿಂದ "ಖರೇ". ಕ್ರಿಯಾಪದದ ಕೊನೆಗಳು ಮಾತ್ರ ನಿಮ್ಮ ನಿರೂಪಣೆಯ ಕನ್ನಡದಲ್ಲೇ ಇರಲಿ. ಹೆಕ್ಕಿದ ಪದಕ್ಕೆ ಚಿಹ್ನೆ ಹಾಕಬೇಡಿ, ಹಾಕಿದರೆ ಬೆರಳು ಮಾಡಿ ತೋರಿಸಿದ ಹಾಗಾಗುತ್ತದೆ.

ಇನ್ನು ಒಂದು ಮಾತನ್ನು ನೇರವಾಗಿಯೇ ಬಿಡಿ. ತಿರುಗಿಸಿದರೆ ಯಾವುದು ಸಾಯುತ್ತದೋ ಅದನ್ನು. "ನೆನೆಯುವುದು ತಮ್ಮ ಭತ್ತವೇ ಹೊರತು ಅವರದಲ್ಲ ಎಂದಳು" ಅಂತ ಬರೆದು ನೋಡಿ. ಸತ್ತಿತು. ಹಾಗಾಗಿ ಹನುಮವ್ವನ ಕೊನೆಯ ಮಾತು ಇರುವ ಹಾಗೇ ಉಳಿಯಬೇಕು. ಸುತ್ತ ಎಲ್ಲವೂ ನಿರೂಪಣೆ ಆಗಿರುವುದರಿಂದ ಅದೊಂದೇ ಮಾತು ಈಗ ಮೊದಲಿಗಿಂತ ಜೋರಾಗಿ ಕೇಳಿಸುತ್ತದೆ.

ಈಗ ಇಡೀ ದೃಶ್ಯ

ಮಷಿನ್ 19 ತೋರಿಸಿತು. ಮಾಲು ಹಸಿ ಅನ್ನುತ್ತಿರುವುದು ತಾವಲ್ಲ, ಮಷಿನ್ ಅಂತ ಸಾಹುಕಾರರು ಕೈ ತೊಳೆದುಕೊಂಡರು. ಮೂರು ದಿನ ಕಣದಲ್ಲಿ ಒಣಗಿಸಿದ ನೆಲ್ಲು ಹಸಿ ಹೇಗಾಗುತ್ತದೆ? ಇನ್ನೊಂದು ಚೀಲದ್ದು ಹಾಕಿ ನೋಡಲಿ ಅಂದ ಈರಪ್ಪ. ಸಾಹುಕಾರರು ಇಲ್ಲ ಅನ್ನಲಿಲ್ಲ, ಚಾ ಹೇಳಿದರು. ಈರಪ್ಪ ಚಾ ಬೇಡ ಅಂದು ರೇಟು ಕೇಳಿದ. ಚೀಲಕ್ಕೆ ನೂರು ಮುರಿಯುತ್ತಾರಂತೆ. ಅದೂ ಅವನ ಮಾರಿ ನೋಡಿ ನೂರು, ಬೇರೆಯವರಿಗಾದರೆ ನೂರೈವತ್ತು. ನೂರು ಹೋದರೆ ತನಗೇನು ಉಳಿಯುತ್ತದೆ, ಗೊಬ್ಬರದ ಬಾಕಿ ಬೇರೆ ಇದೆ ಅಂತ ಈರಪ್ಪ ತೋಡಿಕೊಂಡ. ಗೊಬ್ಬರ ಅಂದದ್ದೇ ತಡ, ಸಾಹುಕಾರರಿಗೆ ಜೂನ್ ತಿಂಗಳು ನೆನಪಾಯಿತು. ಆಗ ಒಯ್ದದ್ದು ಇನ್ನೂ ಹಾಗೇ ಇದೆ, ತಾವೇನು ಕೇಳಿಲ್ಲ ಅಂದರು. ಕೇಳದೆ ಇದ್ದದ್ದು ಖರೇ ಅಂತ ಈರಪ್ಪ ಒಪ್ಪಿದ. ಅದನ್ನು ಒಪ್ಪಿದ ಮೇಲೆ ನೂರಕ್ಕೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಸಾಹುಕಾರರು ಹೇಳಿದ ಹಾಗೇ ಆಗಲಿ ಅಂದುಬಿಟ್ಟ.

ಹನುಮವ್ವ ಸಾಹುಕಾರರ ಕಡೆ ನೋಡಲೂ ಇಲ್ಲ. ಚೀಲ ಇಳಿಸಬೇಡಿ ಅಂತ ಹಮಾಲರಿಗೆ ಹೇಳಿದಳು. ರಸ್ತೆಯ ಮೇಲೆ ಇನ್ನೆರಡು ದಿನ ಹರವುವುದು, ಅಷ್ಟೇ. ಸಾಹುಕಾರರು ಆಗ ಅವಳ ಕಡೆ ತಿರುಗಿದರು. ಮಳೆ ಬಂದರೆ ಏನು ಮಾಡುತ್ತೀಯವ್ವಾ ಅಂದರು.

"ಬಂದ್ರ ನಮ್ಮ ನೆಲ್ಲು ತೊಯ್ತೈತ್ರಿ. ನಿಮ್ಮದಲ್ಲ."

ಚಾ ಬಂದ ಜಾಗ ಗಮನಿಸಿ. "ಇಲ್ಲ ಅನ್ನಲಿಲ್ಲ, ಚಾ ಹೇಳಿದರು" ಅನ್ನುವಲ್ಲಿ ಸಾಹುಕಾರರ ಮೂರು ವಾಕ್ಯ ಒಂದಾಗಿವೆ. ಪ್ರಶ್ನೆಗೆ ಉತ್ತರದ ಬದಲು ಚಾ ಬಂತು ಅನ್ನುವುದನ್ನು ಪಕ್ಕಪಕ್ಕ ಇಟ್ಟಿದ್ದೇ ಸಾಕಾಯಿತು. "ಮತ್ತ?" ಅನ್ನುವ ಮಾತು ಪೂರ್ತಿ ಹೋಯಿತು. ಅದು ಹಾಕುತ್ತಿದ್ದ ಒತ್ತಡ "ಬಾಯಿ ಬರಲಿಲ್ಲ" ಅನ್ನುವುದಕ್ಕೆ ಸೇರಿತು. ಯಾರು ಯಾರ ಕಡೆ ತಿರುಗಿದರು ಅನ್ನುವುದನ್ನು ಬಿಟ್ಟರೆ, ಅದೊಂದು ವಾಕ್ಯ ಮಾತ್ರ ಮೂಲದಲ್ಲಿ ಯಾರೂ ಆಡದ್ದು. ಮಾತಿನ ನಡುವಿನ ಮೌನವನ್ನು ಹೇಳಲು ಇಂಥ ಒಂದು ವಾಕ್ಯ ಸೇರಿಸಬಹುದು. ಎರಡನೆಯದು ಸೇರಿಸಿದರೆ ವ್ಯಾಖ್ಯಾನ ಶುರುವಾಗುತ್ತದೆ.

ಸರಿಯಾಗಿದೆಯೇ ಅಂತ ತಿಳಿಯುವುದು ಹೇಗೆ

ಬರೆದ ಮೇಲೆ ಹೆಸರುಗಳನ್ನು ಅದಲುಬದಲು ಮಾಡಿ ಓದಿ. ಈರಪ್ಪ ಇದ್ದ ಕಡೆ ಸಾಹುಕಾರರು, ಸಾಹುಕಾರರು ಇದ್ದ ಕಡೆ ಈರಪ್ಪ. ವಾಕ್ಯ ಹಾಗೂ ನಡೆದರೆ ಆ ವಾಕ್ಯದಲ್ಲಿ ಧೋರಣೆ ಇಲ್ಲ, ವಿಷಯ ಮಾತ್ರ ಇದೆ. ಮೊದಲು ಬರೆದ ಸಪ್ಪೆ ವರದಿಯಲ್ಲಿ "ತಿಳಿಸಿದ", "ಹೇಳಿದ" ಯಾರಿಗೆ ಹಾಕಿದರೂ ನಡೆಯುತ್ತಿತ್ತು. "ಕೈ ತೊಳೆದುಕೊಂಡರು", "ಅಂದುಬಿಟ್ಟ" ಅದಲುಬದಲಾದರೆ ಕೂಡಲೇ ಅಪದ್ಧ ಅನಿಸುತ್ತದೆ.

ಇನ್ನೊಂದು ಪರೀಕ್ಷೆ: ಮೂಲ ಓದದ ಒಬ್ಬರಿಗೆ ಕೊಟ್ಟು, ಸಾಹುಕಾರರು ಹೇಗಿದ್ದಾರೆ ಅಂತ ಕೇಳಿ. "ಮೋಸಗಾರ" ಅಂತ ಒಂದೇ ಪದದಲ್ಲಿ ಉತ್ತರ ಬಂದರೆ ನಿಮ್ಮ ಅಭಿಪ್ರಾಯ ಜಾಸ್ತಿ ಸೇರಿದೆ, ಅಂತೆಗಳನ್ನು ಹುಡುಕಿ ತೆಗೆಯಿರಿ. "ಸಲುಗೆಯಿಂದಲೇ ಮಾತಾಡುತ್ತಾರೆ, ಆದರೆ ಬಿಡುವುದಿಲ್ಲ" ಅನ್ನುವಂಥ ಉತ್ತರ ಬಂದರೆ ಧೋರಣೆ ಉಳಿದಿದೆ.

ಎಲ್ಲ ದೃಶ್ಯಕ್ಕೂ ಇದು ಒಗ್ಗುವುದಿಲ್ಲ. ಮಾತಿನ ವೇಗವೇ ಮುಖ್ಯ ಆಗಿರುವಲ್ಲಿ, ಹರಾಜಿನ ಕೂಗಿನಂತೆ ಮಾತಿಗೆ ಮಾತು ತಾಗುವಲ್ಲಿ, ನಿರೂಪಣೆ ಎಷ್ಟು ಚುರುಕಾಗಿದ್ದರೂ ಹಿಂದೆ ಬೀಳುತ್ತದೆ. ಗೆಳೆಯರು ಒಬ್ಬರನ್ನೊಬ್ಬರು ಕಾಲೆಳೆಯುವ ದೃಶ್ಯವೂ ಹಾಗೆಯೇ. ಅಲ್ಲಿ ಮಾತನ್ನು ಕತ್ತರಿಸಿ ಚಿಕ್ಕದು ಮಾಡಿ, ಆದರೆ ಮಾತಾಗಿಯೇ ಬಿಡಿ. ಒಬ್ಬರು ಹೇಳಿದ್ದು ಇನ್ನೊಬ್ಬರ ಮೇಲೆ ಏನು ಮಾಡಿತು ಅನ್ನುವುದು ಮುಖ್ಯವಾದ ಕಡೆ, ಅಂದರೆ ಚೌಕಾಸಿ, ಹೆಣ್ಣು ನೋಡುವ ಶಾಸ್ತ್ರ, ಪಾಲಿನ ಪಂಚಾಯಿತಿ ಇಂಥ ಕಡೆ, ಬಲಗಡೆ ಪದ ಬರೆಯುವ ಹಾಳೆಯಿಂದ ಶುರು ಮಾಡಿ.